ಮೂರು ಬ್ರಾಂಚ್, ಎರಡು ರಾಜ್ಯ: ಬಿಲ್ ನಂಬರ್ ಎಲ್ಲೂ ಎರಡು ಸಲ ಬರದ ಹಾಗೆ ಕಟ್ಟುವುದು ಹೇಗೆ?

ಪ್ರಶ್ನೆ: ಸರ್, ನಮ್ಮದು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಹುಬ್ಬಳ್ಳಿಯಲ್ಲಿ, ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬ್ರಾಂಚ್ ಇವೆ. ಬರುವ ಏಪ್ರಿಲ್‌ಗೆ ಹೊಸೂರಿನಲ್ಲಿ ಇನ್ನೊಂದು ತೆರೆಯುತ್ತೇವೆ. ದಾವಣಗೆರೆ, ಚಿಕ್ಕಪೇಟೆಯಲ್ಲಿ ಟ್ಯಾಲಿ; ಹುಬ್ಬಳ್ಳಿಯಲ್ಲಿ ಪರಿಚಯದ ಹುಡುಗ ಬರೆದುಕೊಟ್ಟ ಸಾಫ್ಟ್‌ವೇರ್. ಮೂರೂ ಕಡೆ ಏಪ್ರಿಲ್ 1ಕ್ಕೆ ಬಿಲ್ ನಂಬರ್ 1ರಿಂದ ಶುರು. ರಿಟರ್ನ್ ಹಾಕುವಾಗ ನಮ್ಮ ಅಕೌಂಟೆಂಟ್ ಹುಬ್ಬಳ್ಳಿ ಬಿಲ್ಲಿಗೆ ಕೊನೆಯಲ್ಲಿ ‘ಎ’, ಚಿಕ್ಕಪೇಟೆಯದಕ್ಕೆ ‘ಬಿ’ ಸೇರಿಸುತ್ತಾರೆ. ಪಾರ್ಟಿಗಳು ಬಿಲ್ ಕಾಣಿಸ್ತಿಲ್ಲ ಅಂತ ಫೋನ್ ಮಾಡ್ತಾನೇ ಇರ್ತಾರೆ. 2025-26ರಲ್ಲಿ ವಹಿವಾಟು 5 ಕೋಟಿ ದಾಟಿದೆ. ಹುಡುಗ `SVE/HUBLI/2025-26/000123` ಅಂತ ಇಡೋಣ ಅಂತಾನೆ. ಇದು ಸರಿಯೇ? ಮುಂದೆ ಯಾವ ವರ್ಷವೂ ತೊಂದರೆ ಆಗದ ಹಾಗೆ ಹೇಗೆ ಮಾಡಬೇಕು?

ಉತ್ತರ: ಹುಡುಗ ಸೂಚಿಸಿದ ನಂಬರನ್ನು ಒಮ್ಮೆ ಎಣಿಸಿ ನೋಡಿ. ಗೆರೆಗಳೂ ಸೇರಿ 24 ಅಕ್ಷರ ಆಗುತ್ತದೆ. ಜಿಎಸ್‌ಟಿ ನಿಯಮ 46ರಲ್ಲಿ ಇನ್‌ವಾಯ್ಸ್ ನಂಬರಿಗೆ ಇರುವ ಮಿತಿ 16. ಅಕ್ಷರ, ಅಂಕಿ, ಜೊತೆಗೆ `-` ಮತ್ತು `/` ಎಂಬ ಎರಡು ಚಿಹ್ನೆ, ಇಷ್ಟಕ್ಕೇ ಅವಕಾಶ. ಹಾಗಾಗಿ ಆ ನಂಬರ್ ನಡೆಯುವುದಿಲ್ಲ. ಅದರಲ್ಲಿ ಅಂಗಡಿಯ ಹೆಸರಂತೂ ಬೇಕೇ ಇಲ್ಲ. ಬಿಲ್ಲಿನ ತಲೆಯಲ್ಲೇ ಹೆಸರು, ಜಿಎಸ್‌ಟಿ ನಂಬರ್ ಎರಡೂ ಇರುತ್ತವೆ.

ಅದೇ ನಿಯಮದಲ್ಲಿ ಇನ್ನೆರಡು ಮಾತಿವೆ. ನಂಬರ್ ಒಂದರ ಹಿಂದೆ ಒಂದು ಬರಬೇಕು, ಆದರೆ ಒಂದೇ ಸೀರೀಸ್ ಇರಬೇಕೆಂದಿಲ್ಲ, ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಮತ್ತು ಒಂದು ಹಣಕಾಸು ವರ್ಷದೊಳಗೆ ಯಾವ ನಂಬರೂ ಎರಡು ಸಲ ಬರಬಾರದು. ನಿಮ್ಮ ಮೂರೂ ಅಂಗಡಿಗಳು ಕರ್ನಾಟಕದಲ್ಲೇ ಇರುವುದರಿಂದ ಅವಕ್ಕೆಲ್ಲ 29ರಿಂದ ಶುರುವಾಗುವ ಒಂದೇ ಜಿಎಸ್‌ಟಿ ನಂಬರ್. ಕಾನೂನಿನ ಕಣ್ಣಿಗೆ ಅವು ಮೂರು ಅಂಗಡಿಗಳಲ್ಲ, ಒಬ್ಬನೇ ವ್ಯಾಪಾರಿ. ಒಬ್ಬನೇ ವ್ಯಾಪಾರಿ ಒಂದೇ ವರ್ಷದಲ್ಲಿ 112ನೇ ನಂಬರಿನ ಬಿಲ್ಲನ್ನು ಮೂರು ಸಲ ಹರಿದಂತಾಯಿತು.

ಅಕೌಂಟೆಂಟ್ ಸೇರಿಸುವ ‘ಎ’, ‘ಬಿ’ ಇದನ್ನು ಪೋರ್ಟಲ್‌ನಲ್ಲಿ ಮರೆಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಪಾರ್ಟಿಗಳ ಫೋನಿಗೂ ಅದೇ ಕಾರಣ. ಹುಬ್ಬಳ್ಳಿಯ ಗಿರಾಕಿಯ ಕೈಯಲ್ಲಿರುವ ಬಿಲ್ಲಿನಲ್ಲಿ 112 ಎಂದಿದೆ, ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳನ್ನು ಪೋರ್ಟಲ್ ಅವರಿಗೆ ತೋರಿಸುವ 2ಬಿ ಹೇಳಿಕೆಯಲ್ಲಿ `112A` ಎಂದು ಬರುತ್ತದೆ. ಅವರ ಸಾಫ್ಟ್‌ವೇರ್ ಎರಡನ್ನೂ ಹೋಲಿಸಿ, ಒಂದು ಬಿಲ್ ಸಪ್ಲೈಯರ್ ಹಾಕಿಲ್ಲ, ಇನ್ನೊಂದು ನಾವು ಖರೀದಿಯೇ ಮಾಡಿಲ್ಲ ಎಂದು ಎರಡು ತಪ್ಪು ತೋರಿಸುತ್ತದೆ. ಇನ್‌ಪುಟ್ ತೆಗೆದುಕೊಳ್ಳಬೇಕಾದವರು ಸುಮ್ಮನಿರುವುದಿಲ್ಲವಲ್ಲ.

2026ರ ಏಪ್ರಿಲ್ 1ರಿಂದ ಈ ಉಪಾಯವೂ ಕೈಕೊಡುತ್ತದೆ. ವಹಿವಾಟು 5 ಕೋಟಿ ದಾಟಿದ ಮುಂದಿನ ವರ್ಷದಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅಂದರೆ ಜಿಎಸ್‌ಟಿ ನಂಬರ್ ಇರುವ ಗಿರಾಕಿಗಳ ಪ್ರತಿ ಬಿಲ್ಲಿಗೂ ಸರ್ಕಾರದ ಪೋರ್ಟಲ್‌ನಿಂದ ಐಆರ್‌ಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಆ 64 ಅಕ್ಷರದ ಐಆರ್‌ಎನ್ ಹುಟ್ಟುವುದೇ ನಾಲ್ಕು ವಿಷಯಗಳಿಂದ: ನಿಮ್ಮ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್. ಬ್ರಾಂಚ್ ಯಾವುದು, ಗಿರಾಕಿ ಯಾರು, ಮೊತ್ತ ಎಷ್ಟು, ಇವ್ಯಾವುವೂ ಅದರಲ್ಲಿ ಇಲ್ಲ. ದಾವಣಗೆರೆಯ 112ಕ್ಕೆ ಬೆಳಿಗ್ಗೆ ಐಆರ್‌ಎನ್ ಸಿಕ್ಕಿದ್ದರೆ ಹುಬ್ಬಳ್ಳಿಯ 112 ಮಧ್ಯಾಹ್ನ `2150 Duplicate IRN` ಎಂದು ವಾಪಸ್ ಬರುತ್ತದೆ. ಅಷ್ಟು ಹೊತ್ತಿಗೆ ಲಾರಿಗೆ ಮಾಲು ತುಂಬಿ ಆಗಿರುತ್ತದೆ.

ನಂಬರಿನ ರೂಪ

ನಾನಾಗಿದ್ದರೆ ನಿಮಗೆ ಇಡುವುದು ಇದನ್ನು:

```
HB1-2627-00347
```

ಮೊದಲ ಎರಡು ಅಕ್ಷರ ಊರು: ದಾವಣಗೆರೆಗೆ `DV`, ಹುಬ್ಬಳ್ಳಿಗೆ `HB`, ಚಿಕ್ಕಪೇಟೆಗೆ `CP`, ಹೊಸೂರಿಗೆ `HS`. ಮೂರನೆಯದು ಆ ಊರಿನೊಳಗಿನ ಸೀರೀಸ್. ಆಮೇಲೆ ಹಣಕಾಸು ವರ್ಷ, ಕೊನೆಗೆ ಐದು ಅಂಕಿಯ ಕ್ರಮಸಂಖ್ಯೆ. ಒಟ್ಟು 14 ಅಕ್ಷರ. ಎರಡು ಜಾಗ ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ಒಂದು ಕೌಂಟರಿನಲ್ಲಿ ವರ್ಷಕ್ಕೆ 99,999 ಬಿಲ್ ದಾಟುವ ಕಾಲ ಬಂದರೆ ರೂಪ ಮುರಿಯದೆ ಏಳು ಅಂಕಿಯವರೆಗೆ ಬೆಳೆಯಬಹುದು.

ಇಡೀ ವ್ಯವಸ್ಥೆ ನಿಂತಿರುವುದು ಆ ಮೂರನೇ ಅಕ್ಷರದ ಮೇಲೆ. ಒಂದು ಸೀರೀಸಿಗೆ ಒಬ್ಬನೇ ಯಜಮಾನ ಇರಬೇಕು. `HB1` ಹುಬ್ಬಳ್ಳಿಯ ಮೊದಲ ಬಿಲ್ಲಿಂಗ್ ಡೇಟಾಬೇಸಿನದು, ಬೇರೆ ಯಾರೂ ಅದರಲ್ಲಿ ನಂಬರ್ ಹಾಕುವಂತಿಲ್ಲ. ನಾಳೆ ಇನ್ನೊಂದು ಕೌಂಟರ್ ಇಟ್ಟು, ಅದು ಬೇರೆ ಡೇಟಾಬೇಸಿನಲ್ಲಿ ನಡೆದರೆ ಅದಕ್ಕೆ `HB2`. ಕ್ರೆಡಿಟ್ ನೋಟಿಗೆ `HBC`, ಡೆಬಿಟ್ ನೋಟಿಗೆ `HBD`, ಡೆಲಿವರಿ ಚಲನ್‌ಗೆ `HBJ`, ಕರೆಂಟ್ ಹೋದಾಗ ಬಳಸುವ ಅಚ್ಚುಹಾಕಿಸಿದ ಬಿಲ್ ಪುಸ್ತಕಕ್ಕೆ `HBM`. ಹೀಗೆ ಮಾಡಿದರೆ ಒಂದು ಬ್ರಾಂಚ್ ಇನ್ನೊಂದನ್ನು ಕೇಳದೆ, ಇಂಟರ್ನೆಟ್ ಇಲ್ಲದೆಯೂ ನಂಬರ್ ಕೊಡಬಹುದು. ಎಲ್ಲ ಬ್ರಾಂಚಿಗೂ ಹೆಡ್ ಆಫೀಸಿನ ಸರ್ವರಿನಿಂದಲೇ ನಂಬರ್ ಹಂಚುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಆಗ ಲೈನ್ ಕಡಿದ ದಿನ ಹುಬ್ಬಳ್ಳಿಯಲ್ಲಿ ಚಿಲ್ಲರೆ ಬಿಲ್ ಕೂಡ ಹೊರಡುವುದಿಲ್ಲ. ಕ್ರಮಸಂಖ್ಯೆ ಊರಿಂದ ಊರಿಗೆ ಚದುರಿ ಹೋಗುವುದರಿಂದ ಯಾವ ಬ್ರಾಂಚಿನಲ್ಲಿ ಬಿಲ್ ತಪ್ಪಿದೆ ಎಂದು ಹುಡುಕುವುದೂ ಕಷ್ಟ.

ಬಿಲ್ ಪುಸ್ತಕದ ಬಗ್ಗೆ ಒಂದು ಎಚ್ಚರ. `HBM` ಚಿಲ್ಲರೆ ಗಿರಾಕಿಗಳಿಗೆ ಮಾತ್ರ. ಇ-ಇನ್‌ವಾಯ್ಸ್ ಕಡ್ಡಾಯವಾದ ಮೇಲೆ ಜಿಎಸ್‌ಟಿ ನಂಬರ್ ಇರುವ ಗಿರಾಕಿಗೆ ಐಆರ್‌ಎನ್ ಇಲ್ಲದ ಬಿಲ್ ಕೊಟ್ಟರೆ ಅದು ಬಿಲ್ಲೇ ಅಲ್ಲ.

ವರ್ಷವನ್ನು `26` ಎಂದು ಎರಡೇ ಅಂಕಿಯಲ್ಲಿ ಬರೆದರೆ ಅದು 2025-26ಓ 2026-27ಓ ಎಂಬ ಗೊಂದಲ ಖಂಡಿತ ಬರುತ್ತದೆ. ಒಬ್ಬ ಗುಮಾಸ್ತ ಒಂದು ಥರ, ಇನ್ನೊಬ್ಬ ಇನ್ನೊಂದು ಥರ ಓದುತ್ತಾನೆ. `2627` ಎಂದರೆ ಆ ಮಾತೇ ಇಲ್ಲ. ಬಿಲ್ಲಿನ ನಂಬರ್ ಬರೀ ಒಂದು ವರ್ಷದೊಳಗೆ ಬೇರೆಬೇರೆ ಆಗಿದ್ದರೆ ಕಾನೂನಿಗೆ ಸಾಕು, ಆದರೆ ನಿಮಗೆ ಸಾಲದು. ಮಾರ್ಚ್‌ನಲ್ಲಿ ಹೋದ ಫ್ಯಾನು ಜೂನ್‌ನಲ್ಲಿ ವಾಪಸ್ ಬರುತ್ತದೆ, ಹಿಂದಿನ ವರ್ಷದ ಬಿಲ್ಲಿನ ಮೇಲೆ ಈ ವರ್ಷ ಕ್ರೆಡಿಟ್ ನೋಟ್ ಮಾಡುತ್ತೀರಿ. ಬಾಕಿ ಪಟ್ಟಿಯಲ್ಲಿ ಎರಡು ವರ್ಷದ ಬಿಲ್ ಅಕ್ಕಪಕ್ಕ ನಿಲ್ಲುತ್ತವೆ. ಗಿರಾಕಿ ದುಡ್ಡು ಹಾಕುವಾಗ ಬರೀ ನಂಬರ್ ಬರೆಯುತ್ತಾನೆ, ತಾರೀಖು ಬರೆಯುವುದಿಲ್ಲ. ವರ್ಷ ನಂಬರಿನಲ್ಲೇ ಇದ್ದರೆ ಇವೆಲ್ಲ ತಾವಾಗಿ ಬೇರೆಯಾಗುತ್ತವೆ.

ತಿಂಗಳನ್ನೂ ಸೇರಿಸೋಣ ಎಂದು ಯಾರಾದರೂ ಹೇಳಬಹುದು. ಬೇಡ. ವರ್ಷಕ್ಕೊಮ್ಮೆ ಆಗಬಹುದಾದ ಎಡವಟ್ಟನ್ನು ಹನ್ನೆರಡು ಸಲ ಕರೆದಂತೆ ಅದು.

ಅಕ್ಷರಗಳ ಆಯ್ಕೆಯಲ್ಲೂ ಕೆಲವು ಸಣ್ಣ ವಿಚಾರಗಳಿವೆ. ಐಆರ್‌ಎನ್ ಪೋರ್ಟಲ್ `0`, `/`, `-` ಇವುಗಳಿಂದ ಶುರುವಾಗುವ ನಂಬರ್ ಒಪ್ಪುವುದಿಲ್ಲ, ಹಾಗಾಗಿ ಬರೀ `00112` ಎಂಬುದು ಅಲ್ಲಿ ನಡೆಯದು. 2025ರ ಜೂನ್ 1ರಿಂದ ಅದು ಸಣ್ಣಕ್ಷರ, ದೊಡ್ಡಕ್ಷರ ಎಂಬ ಭೇದವನ್ನೂ ಬಿಟ್ಟಿದೆ. `hb1` ಮತ್ತು `HB1` ಅದಕ್ಕೆ ಒಂದೇ. ಎಲ್ಲವನ್ನೂ ದೊಡ್ಡಕ್ಷರದಲ್ಲೇ ಇಡಿ. `O` ಮತ್ತು `I` ಬೇಡ, ಫೋನಿನಲ್ಲಿ ಹೇಳುವಾಗ ಸೊನ್ನೆ, ಒಂದು ಎಂದು ಕೇಳಿಸಿಕೊಂಡು ಬರೆಯುತ್ತಾರೆ. ಓರೆಗೆರೆಯ ಬದಲು ಅಡ್ಡಗೆರೆ ಇಟ್ಟಿದ್ದಕ್ಕೂ ಕಾರಣ ಇದೆ. ಬಿಲ್ಲನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ, ವಿಂಡೋಸ್‌ನಲ್ಲಿ ಫೈಲಿನ ಹೆಸರೊಳಗೆ `/` ಬರುವಂತಿಲ್ಲ. ಆಗ ಸಾಫ್ಟ್‌ವೇರ್ ಅದನ್ನು ಇನ್ನೇನೋ ಚಿಹ್ನೆಗೆ ಬದಲಿಸುತ್ತದೆ, ಗಿರಾಕಿಯ ಗುಮಾಸ್ತ ಫೈಲಿನ ಹೆಸರನ್ನೇ ನೋಡಿ ಖರೀದಿ ನಂಬರ್ ಹಾಕುತ್ತಾನೆ, ಮತ್ತೆ 2ಬಿ ತಾಳೆಯಾಗುವುದಿಲ್ಲ. ಎಕ್ಸೆಲ್‌ನದು ಬೇರೆ ಕಾಟ: `12-26` ಎಂದು ಹಾಕಿದರೆ ಅದನ್ನು ತಾರೀಖು ಮಾಡುತ್ತದೆ, `00347` ಹಾಕಿದರೆ ಸೊನ್ನೆ ನುಂಗಿ 347 ಮಾಡುತ್ತದೆ. ಅಕ್ಷರದಿಂದ ಶುರುವಾಗಿ ಮೂರು ಭಾಗ ಇರುವ ನಂಬರನ್ನು ಅದು ಹಾಗೇ ಬಿಡುತ್ತದೆ.

ಹೊಸೂರು

ಹೊಸೂರು ತಮಿಳುನಾಡಿನಲ್ಲಿದೆ, ಅಲ್ಲಿಗೆ 33ರಿಂದ ಶುರುವಾಗುವ ಬೇರೆ ಜಿಎಸ್‌ಟಿ ನಂಬರ್ ಬೇಕು. ಕಾನೂನಿನಂತೆ ಅಲ್ಲಿ ಮತ್ತೆ 1ರಿಂದ ಯಾವ ರೂಪದಲ್ಲಾದರೂ ಶುರು ಮಾಡಬಹುದು. ಆದರೂ ಇದೇ ಪದ್ಧತಿಯಲ್ಲಿ `HS1` ಇಡಿ. ನಿಮ್ಮ ಹೆಡ್ ಆಫೀಸಿನ ಲೆಕ್ಕದಲ್ಲಿ ನಾಲ್ಕೂ ಊರು ಒಂದೇ ಕಡೆ ಬರುತ್ತವೆ. ಇ-ಇನ್‌ವಾಯ್ಸ್‌ನ 5 ಕೋಟಿ ಲೆಕ್ಕ ಪ್ಯಾನ್ ಮೇಲೆ ನಡೆಯುವುದರಿಂದ, ಹೊಸೂರು ಅಂಗಡಿ ಮೊದಲ ದಿನವೇ ಇ-ಇನ್‌ವಾಯ್ಸ್ ಮಾಡಬೇಕು. ಅಲ್ಲಿನ ವ್ಯಾಪಾರ ಎಷ್ಟೇ ಚಿಕ್ಕದಿರಲಿ.

ಮಾಲು ಕಳಿಸುವಾಗ ಇಲ್ಲಿ ಎಡವುವವರು ಬಹಳ. ದಾವಣಗೆರೆಯಿಂದ ಹುಬ್ಬಳ್ಳಿಗೆ ಮಾಲು ಹೋದರೆ ಅದು ಮಾರಾಟ ಅಲ್ಲ, ಡೆಲಿವರಿ ಚಲನ್ ಸಾಕು, `DVJ` ಸೀರೀಸಿನಲ್ಲಿ. ದಾವಣಗೆರೆಯಿಂದ ಹೊಸೂರಿಗೆ ಹೋದರೆ ಮಾಲಿಕರು ನೀವೇ ಆದರೂ ಜಿಎಸ್‌ಟಿ ನಂಬರ್ ಎರಡು, ಹಾಗಾಗಿ ತೆರಿಗೆ ಹಾಕಿದ ಇನ್‌ವಾಯ್ಸ್ ಬೇಕು, ಅದಕ್ಕೆ ಐಆರ್‌ಎನ್ ಕೂಡ ಬೇಕು. ಅದನ್ನು `DV1`ರಲ್ಲೇ ಮಾಡಬಹುದು, ಆದರೆ ಗಿರಾಕಿಗಳ ಬಿಲ್ಲಿನ ಜೊತೆ ಬೆರೆಯದಿರಲಿ ಎಂದಾದರೆ `DVS` ಎಂಬ ಸೀರೀಸ್ ಇಡಿ. ನಾನು ಬೇರೆ ಇಡುತ್ತೇನೆ. ಮಾರಾಟದ ಲೆಕ್ಕ ತೆಗೆಯುವಾಗ ಸ್ವಂತ ಅಂಗಡಿಗೆ ಹೋದ ಮಾಲು ಒಂದೇ ನೋಟಕ್ಕೆ ಬೇರೆಯಾಗಿ ಕಾಣುತ್ತದೆ.

ಟ್ಯಾಲಿಯಲ್ಲಿ

ದಾವಣಗೆರೆ ಮತ್ತು ಚಿಕ್ಕಪೇಟೆಯಲ್ಲಿ ಸೇಲ್ಸ್ ವೋಚರಿನ ನಂಬರಿಂಗ್ ಅನ್ನು `Automatic` ಇಡಿ. ಕೈಯಿಂದ ನಂಬರ್ ಹೊಡೆಯುವ ಅವಕಾಶ ಯಾರಿಗೂ ಬೇಡ. ಹೆಚ್ಚುವರಿ ವಿವರದಲ್ಲಿ ಅಗಲ 5, ಮುಂದೆ ಸೊನ್ನೆ ತುಂಬುವುದಕ್ಕೆ `Yes`, `Restart Numbering`ನಲ್ಲಿ ಏಪ್ರಿಲ್ 1ಕ್ಕೆ 1ರಿಂದ ವಾರ್ಷಿಕ, `Prefix Details`ನಲ್ಲಿ 1-4-2026ರಿಂದ `DV1-2627-`.

ಇಲ್ಲಿ ಒಂದು ಹೊಂಡವಿದೆ. ಅಂಕಿ ತಾನಾಗಿ 1ಕ್ಕೆ ಮರಳುತ್ತದೆ, ಆದರೆ ಮುಂದಿನ ವರ್ಷದ ಪ್ರಿಫಿಕ್ಸನ್ನು ನೀವೇ ಹಾಕಬೇಕು. 2027ರ ಏಪ್ರಿಲ್ 1ಕ್ಕೆ ಯಾರೂ ಅದನ್ನು ನೆನಪಿಡದಿದ್ದರೆ ಆ ದಿನದ ಮೊದಲ ಬಿಲ್ `DV1-2627-00001` ಎಂದೇ ಹೊರಬರುತ್ತದೆ. ಹಣಕಾಸು ವರ್ಷ ಬೇರೆಯಾದ್ದರಿಂದ ಐಆರ್‌ಎನ್ ಪೋರ್ಟಲ್ ಅದನ್ನು ಸುಮ್ಮನೆ ಒಪ್ಪಿಕೊಳ್ಳುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಗೊತ್ತಾಗುವುದು ಗಿರಾಕಿಯೊಬ್ಬ ಒಂದೇ ನಂಬರಿನ ಎರಡು ಬಿಲ್ ತೋರಿಸಿದಾಗ. ಆದ್ದರಿಂದ ಈಗಲೇ 1-4-2027ಕ್ಕೆ `DV1-2728-`, 1-4-2028ಕ್ಕೆ `DV1-2829-` ಎಂಬ ಸಾಲುಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಿಬಿಡಿ. ತಾರೀಖು ಬಂದಾಗ ಅದು ತಾನಾಗಿ ಜಾರಿಯಾಗುತ್ತದೆ.

ಇನ್ನೊಂದು, ವೋಚರ್ ಅಳಿಸಿದಾಗ ಅಥವಾ ನಡುವೆ ಸೇರಿಸಿದಾಗ ಏನಾಗಬೇಕು ಎಂಬ ಆಯ್ಕೆ. ಅದು `Renumber Vouchers` ಎಂದಿದ್ದರೆ, ಯಾರೋ 340ನೇ ಬಿಲ್ ಅಳಿಸಿದ ತಕ್ಷಣ 341 ಇದ್ದದ್ದು 340 ಆಗುತ್ತದೆ, ಅದರ ಮುಂದಿನವೆಲ್ಲ ಒಂದೊಂದು ಹಿಂದೆ ಸರಿಯುತ್ತವೆ. ಗಿರಾಕಿಗಳ ಕೈಯಲ್ಲಿರುವ ಕಾಗದಕ್ಕೂ ನಿಮ್ಮ ಪುಸ್ತಕಕ್ಕೂ ಅಲ್ಲಿಂದಾಚೆ ಸಂಬಂಧವೇ ಇರುವುದಿಲ್ಲ. `Retain Original Voucher No.` ಆಯ್ಕೆ ಮಾಡಿ. ಅದಕ್ಕಿಂತ ಮೊದಲು ಬಿಲ್ ಅಳಿಸುವ ಅಭ್ಯಾಸವನ್ನೇ ಬಿಡಿಸಿ: ಬೇಡವಾದ ಬಿಲ್ಲನ್ನು `Alt+X` ಒತ್ತಿ ಕ್ಯಾನ್ಸಲ್ ಮಾಡಬೇಕು, `Alt+D` ಒತ್ತಿ ಅಳಿಸಬಾರದು. ಕ್ಯಾನ್ಸಲ್ ಆದ ನಂಬರ್ ಪುಸ್ತಕದಲ್ಲಿ ಖಾಲಿಯಾಗಿ ನಿಲ್ಲುತ್ತದೆ, ಅದೇ ಬೇಕಾದದ್ದು.

ಆ ಖಾಲಿ ನಂಬರನ್ನು ಬೇರೆ ಬಿಲ್ಲಿಗೆ ಮತ್ತೆ ಬಳಸಬಾರದು. ಐಆರ್‌ಎನ್ ಆಗಿದ್ದ ಬಿಲ್ಲನ್ನು 24 ಗಂಟೆಯೊಳಗೆ ಪೋರ್ಟಲ್‌ನಲ್ಲೂ ಕ್ಯಾನ್ಸಲ್ ಮಾಡಬಹುದು, ಆದರೆ ಆ ನಂಬರಿಗೆ ಮತ್ತೆ ಐಆರ್‌ಎನ್ ಸಿಗುವುದಿಲ್ಲ. 24 ಗಂಟೆ ದಾಟಿದರೆ ಕ್ರೆಡಿಟ್ ನೋಟೇ ದಾರಿ.

ಹುಬ್ಬಳ್ಳಿಯ ಸಾಫ್ಟ್‌ವೇರಿನಲ್ಲಿ

ಈ ಭಾಗವನ್ನು ಹುಡುಗನಿಗೆ ತೋರಿಸಿ. ಈಗಿರುವ ಕೋಡ್ ಬಹುಶಃ ಟೇಬಲಿನ ದೊಡ್ಡ ನಂಬರ್ ಹುಡುಕಿ ಅದಕ್ಕೆ 1 ಕೂಡಿಸುತ್ತದೆ. ಎರಡು ಕಂಪ್ಯೂಟರಿನಲ್ಲಿ ಒಂದೇ ಕ್ಷಣಕ್ಕೆ ಸೇವ್ ಒತ್ತಿದರೆ ಇಬ್ಬರಿಗೂ 346 ಕಾಣುತ್ತದೆ, ಇಬ್ಬರೂ 347 ಬರೆಯುತ್ತಾರೆ. ಇದಕ್ಕೆ ಡೇಟಾಬೇಸಿನ ಆಟೋ ಇನ್‌ಕ್ರಿಮೆಂಟ್ ಮದ್ದು ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿ ನಂಬರ್ ಎರಡು ಸಲ ಬರುವುದಿಲ್ಲ ನಿಜ, ಆದರೆ ಸೇವ್ ಅರ್ಧಕ್ಕೆ ನಿಂತರೆ ತೆಗೆದುಕೊಂಡ ನಂಬರ್ ವಾಪಸ್ ಬರುವುದಿಲ್ಲ, 347 ಆದ ಮೇಲೆ 349 ಬರುತ್ತದೆ. ಬಿಲ್ಲಿನ ನಂಬರಿಗೆ ಅದನ್ನು ಬಳಸಬಾರದು. ಟೇಬಲಿನ ಒಳಗಿನ ಐಡಿಗೆ ಬಳಸಲಿ. ಬಿಲ್ ನಂಬರಿಗೆ ಬೇರೆಯೇ ಒಂದು ಚಿಕ್ಕ ಟೇಬಲ್ ಇರಲಿ, ಪ್ರತಿ ಸೀರೀಸಿಗೆ ಪ್ರತಿ ವರ್ಷಕ್ಕೆ ಒಂದು ಸಾಲು. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```sql
CREATE TABLE bill_series (
  gstin   char(15),
  series  char(3),
  fy      char(4),
  last_no int NOT NULL,
  PRIMARY KEY (gstin, series, fy)
);

INSERT INTO bill_series VALUES ($1, 'HB1', $2, 1)
ON CONFLICT (gstin, series, fy)
DO UPDATE SET last_no = bill_series.last_no + 1
RETURNING last_no;

CREATE UNIQUE INDEX ON invoice (gstin, fy, upper(bill_no));
```

ನಡುವಿನ `INSERT` ಮತ್ತು ಬಿಲ್ಲನ್ನು ಬರೆಯುವ ಕೆಲಸ ಎರಡೂ ಒಂದೇ ಟ್ರಾನ್ಸಾಕ್ಷನ್‌ನೊಳಗೆ ನಡೆಯಬೇಕು. ಆಗ ಎರಡನೇ ಕಂಪ್ಯೂಟರ್ ಆ ಸಾಲಿಗಾಗಿ ಒಂದು ಕ್ಷಣ ಕಾಯುತ್ತದೆ. ಬಿಲ್ ಸೇವ್ ಆಗದೆ ಬಿದ್ದುಹೋದರೆ ನಂಬರ್ ಕೂಡ ಹಿಂದಿನ ಸ್ಥಿತಿಗೆ ಹೋಗುತ್ತದೆ. ಹೊಸ ವರ್ಷದ ಮೊದಲ ಬಿಲ್ಲಿಗೆ ಸಾಲು ತಾನಾಗಿ ಹುಟ್ಟಿ 1 ಬರುತ್ತದೆ, ಏಪ್ರಿಲ್ 1ರ ರಾತ್ರಿ ಯಾರೂ ಏನನ್ನೂ ರೀಸೆಟ್ ಮಾಡಬೇಕಿಲ್ಲ. ಕೊನೆಯ ಇಂಡೆಕ್ಸ್ ಕಾವಲಿಗೆ: ಕೋಡಿನಲ್ಲಿ ಎಲ್ಲೋ ತಪ್ಪಿದ್ದರೂ ಒಂದೇ ನಂಬರಿನ ಎರಡನೇ ಬಿಲ್ ಒಳಗೆ ಬರುವುದಿಲ್ಲ.

`fy` ಬರಬೇಕಾದದ್ದು ಬಿಲ್ಲಿನ ತಾರೀಖಿನಿಂದ, ಕಂಪ್ಯೂಟರಿನ ಗಡಿಯಾರದಿಂದ ಅಲ್ಲ. ಮಾರ್ಚ್ 31ರ ರಾತ್ರಿ ಮಾಲು ಹೊರಟು, ಬಿಲ್ ಪುಸ್ತಕದಲ್ಲಿ ಕೈಬಿಲ್ ಹರಿದು, ಏಪ್ರಿಲ್ 2ಕ್ಕೆ ಕಂಪ್ಯೂಟರಿಗೆ ಏರಿಸುವುದು ಸಾಮಾನ್ಯ. ಅದು ಹಳೆಯ ವರ್ಷದ ಸೀರೀಸಿನಲ್ಲೇ ಹೋಗಬೇಕು. ಜೊತೆಗೆ ಇನ್ನೊಂದು ತಡೆ ಇರಲಿ: ಅದೇ ಸೀರೀಸಿನ ಹಿಂದಿನ ಬಿಲ್ಲಿಗಿಂತ ಹಳೆಯ ತಾರೀಖು ಹಾಕಲು ಬಿಡಬಾರದು. 350 ಹನ್ನೆರಡನೇ ತಾರೀಖಿನದು, 351 ಹತ್ತನೆಯದು ಎಂದಿದ್ದರೆ ಪರಿಶೀಲನೆಗೆ ಬಂದ ಅಧಿಕಾರಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಮಾರ್ಚ್ ತಿಂಗಳ ಜಿಎಸ್‌ಟಿಆರ್-1ಕ್ಕೆ ಏಪ್ರಿಲ್ 11 ಕೊನೆಯ ದಿನ. ಅದನ್ನು ಹಾಕಿದ ಕೂಡಲೇ ಹಳೆಯ ವರ್ಷದ ಸಾಲಿಗೆ ಬೀಗ ಹಾಕಿಸಿ.

ನಂಬರ್ ಯಾವಾಗ ಕೊಡಬೇಕು ಎಂಬುದೂ ಮುಖ್ಯ. ಬಿಲ್ ಕಿಟಕಿ ತೆರೆದಾಗಲೇ ಕೊಟ್ಟರೆ, ರೇಟ್ ಕೇಳಿ ಎದ್ದುಹೋದ ಗಿರಾಕಿಗಳೆಲ್ಲ ಒಂದೊಂದು ನಂಬರ್ ತಿಂದು ಹೋಗುತ್ತಾರೆ. ಡ್ರಾಫ್ಟ್‌ಗೆ ನಂಬರ್ ಬೇಡ, ಪಕ್ಕಾ ಮಾಡಿದಾಗ ಮಾತ್ರ. ಪಕ್ಕಾ ಆಗಿ ನಂಬರ್ ಡೇಟಾಬೇಸಿನಲ್ಲಿ ಕೂತ ಮೇಲೆ ಐಆರ್‌ಎನ್‌ಗೆ ಕಳಿಸಿ. ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಪೋರ್ಟಲಿನ ಉತ್ತರಕ್ಕೆ ಕಾಯುವುದು ಬೇಡ, ಹಿಂದಿರುವ ಬಿಲ್ಲೆಲ್ಲ ನಿಂತುಬಿಡುತ್ತವೆ. ಪೋರ್ಟಲ್ ಏನೋ ತಪ್ಪು ತೋರಿಸಿ ತಿರಸ್ಕರಿಸಿದರೆ ತಿದ್ದಿ ಅದೇ ನಂಬರಿನಲ್ಲಿ ಮತ್ತೆ ಕಳಿಸಿ. ಉತ್ತರವೇ ಬರದೆ ಲೈನ್ ಕಡಿದರೆ? ಆಗ ಐಆರ್‌ಎನ್ ಆಗಿರಲೂಬಹುದು. ಮತ್ತೆ ಕಳಿಸಿದಾಗ `2150` ಬಂದರೆ ಗಾಬರಿಯಾಗಿ ಹೊಸ ನಂಬರ್ ಹಾಕಬೇಡಿ, ದಾಖಲೆಯ ನಂಬರ್ ಕೊಟ್ಟು ಮೊದಲೇ ಆದ ಐಆರ್‌ಎನ್ ತರಿಸಿಕೊಳ್ಳುವ ವ್ಯವಸ್ಥೆ ಅಲ್ಲೇ ಇದೆ. ಹೊಸ ನಂಬರ್ ಹಾಕಿದರೆ ಒಂದೇ ಮಾಲಿಗೆ ಎರಡು ಬಿಲ್ ಆಗುತ್ತದೆ, ತೆರಿಗೆಯೂ ಎರಡು ಸಲ.

ಬ್ಯಾಕಪ್‌ನಿಂದ ಬರುವ ಆಪತ್ತು

ಸೀರೀಸ್ ಎಷ್ಟೇ ಸರಿಯಾಗಿ ಹಂಚಿದ್ದರೂ ನಂಬರ್ ಎರಡು ಸಲ ಬರುವ ಒಂದು ದಾರಿ ಉಳಿದೇ ಇರುತ್ತದೆ. ಹುಬ್ಬಳ್ಳಿಯ ಕಂಪ್ಯೂಟರ್ ಸೋಮವಾರ ಸಂಜೆ ಕೆಟ್ಟಿತು ಎಂದುಕೊಳ್ಳಿ. ಶನಿವಾರದ ಬ್ಯಾಕಪ್ ಹಾಕಿ ಮಂಗಳವಾರ ಶುರು ಮಾಡುತ್ತಾರೆ. ಶನಿವಾರ 347ಕ್ಕೆ ನಿಂತಿತ್ತು, ಸೋಮವಾರ 362ರವರೆಗೆ ಹೋಗಿತ್ತು. ಈಗ ಮತ್ತೆ 348 ಹೊರಡುತ್ತದೆ. ಡೇಟಾಬೇಸಿಗೆ ಸೋಮವಾರದ ನೆನಪಿಲ್ಲದ ಕಾರಣ ಆ ಕಾವಲಿನ ಇಂಡೆಕ್ಸ್ ಕೂಡ ಏನೂ ಹೇಳುವುದಿಲ್ಲ. ಇ-ಇನ್‌ವಾಯ್ಸ್ ಬಿಲ್ಲಾದರೆ `2150` ಬಂದು ಸಿಕ್ಕಿಬೀಳುತ್ತದೆ, ಚಿಲ್ಲರೆ ಬಿಲ್ಲಾದರೆ ಅದೂ ಇಲ್ಲ.

ಇಂಥ ಸಂದರ್ಭದಲ್ಲಿ ಕೊನೆಯ ನಂಬರ್ ಎಷ್ಟಿತ್ತು ಎಂದು ಊಹಿಸಿ ಮುಂದುವರಿಯುವುದಕ್ಕಿಂತ ಸುಲಭದ ಹಾದಿ ಇದೆ. `HB1` ಅನ್ನು ಅಲ್ಲಿಗೇ ನಿಲ್ಲಿಸಿ, `HB2-2627-00001`ರಿಂದ ಶುರು ಮಾಡಿ. ಕಳೆದುಹೋದ ಸೋಮವಾರದ ಬಿಲ್‌ಗಳನ್ನು ಕಾಗದದ ಪ್ರತಿಗಳಿಂದ, ಗಿರಾಕಿಗಳಿಗೆ ಕಳಿಸಿದ ಪಿಡಿಎಫ್‌ಗಳಿಂದ ನಿಧಾನವಾಗಿ ಅವವೇ ನಂಬರಿನಲ್ಲಿ `HB1`ಗೆ ಏರಿಸಿಕೊಳ್ಳಬಹುದು. ಮೂರನೇ ಅಕ್ಷರ ಇರುವುದರ ದೊಡ್ಡ ಪ್ರಯೋಜನ ಇದೇ. ಮುಂಜಾಗ್ರತೆಗೆ, ಪ್ರತಿ ಸಂಜೆ ಬ್ರಾಂಚಿನವರು ಪ್ರತಿ ಸೀರೀಸಿನ ಕೊನೆಯ ನಂಬರನ್ನು ಹೆಡ್ ಆಫೀಸಿಗೆ ಮೆಸೇಜ್ ಹಾಕುವ ರೂಢಿ ಮಾಡಿಸಿ. ಹುಬ್ಬಳ್ಳಿಯ ಸಾಫ್ಟ್‌ವೇರ್ ಅದನ್ನು ತಾನೇ ಕಳಿಸಿ, ಬೆಳಿಗ್ಗೆ ತೆರೆದಾಗ ತಾಳೆ ನೋಡುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ತಿಂಗಳಿಗೊಮ್ಮೆ ನೋಡಬೇಕಾದದ್ದು

ಜಿಎಸ್‌ಟಿಆರ್-1ರ 13ನೇ ಟೇಬಲ್ 2025ರ ಮೇ ತಿಂಗಳ ರಿಟರ್ನಿನಿಂದ ಕಡ್ಡಾಯವಾಗಿದೆ. ಆ ತಿಂಗಳು ಯಾವ ಸೀರೀಸಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ನಂಬರ್ ಹೋಯಿತು, ಎಷ್ಟು ಕ್ಯಾನ್ಸಲ್ ಆಯಿತು ಎಂದು ಅಲ್ಲಿ ಬರೆಯಬೇಕು. ಇದನ್ನು ಕಾಟ ಎಂದುಕೊಳ್ಳದೆ ಪರೀಕ್ಷೆಗೆ ಬಳಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಒಂದು ತಿಂಗಳು `HB1-2627-00301`ರಿಂದ `HB1-2627-00347`ರವರೆಗೆ ಹೋಗಿದ್ದರೆ ಒಟ್ಟು 47 ನಂಬರ್. ಎರಡು ಕ್ಯಾನ್ಸಲ್ ಆಗಿದ್ದರೆ 45 ಬಿಲ್ ಇರಬೇಕು. ಪುಸ್ತಕದಲ್ಲಿ 44 ಸಿಕ್ಕರೆ ಒಂದನ್ನು ಯಾರೋ ಅಳಿಸಿದ್ದಾರೆ, 46 ಸಿಕ್ಕರೆ ಒಂದು ನಂಬರ್ ಎರಡು ಸಲ ಹೋಗಿದೆ. ರಿಟರ್ನ್ ಹಾಕುವ ಮೊದಲೇ ಗೊತ್ತಾದರೆ ಸರಿಮಾಡುವುದು ಐದು ನಿಮಿಷದ ಕೆಲಸ. ಅಕೌಂಟೆಂಟಿಗೆ ಇನ್ನು ಮುಂದೆ ಪೋರ್ಟಲ್‌ನಲ್ಲಿ ನಂಬರ್ ತಿದ್ದುವ ಕೆಲಸ ಇಲ್ಲ ಎಂದು ಹೇಳಿಬಿಡಿ; ಕಾಗದದಲ್ಲಿ ಏನಿದೆಯೋ ಅಲ್ಲೂ ಅದೇ.

ಬದಲಾಯಿಸುವುದು ಯಾವಾಗ

ಏಪ್ರಿಲ್ 1ರವರೆಗೆ ಕಾಯಬೇಕಿಲ್ಲ. ಎಷ್ಟು ಸೀರೀಸ್ ಬೇಕಾದರೂ ಇಡಬಹುದು ಎಂದು ನಿಯಮವೇ ಹೇಳುವುದರಿಂದ, ಬರುವ ತಿಂಗಳ 1ನೇ ತಾರೀಖಿಗೆ ಹಳೆಯದನ್ನು ನಿಲ್ಲಿಸಿ `DV1-2526-00001`, `HB1-2526-00001`, `CP1-2526-00001` ಎಂದು ಶುರು ಮಾಡಿ. ಇ-ಇನ್‌ವಾಯ್ಸ್ ಬರುವ ಮೊದಲೇ ಹುಡುಗರ ಕೈ ಪಳಗುತ್ತದೆ, ಟ್ಯಾಲಿಯ ಪ್ರಿಫಿಕ್ಸ್ ಏಪ್ರಿಲ್ 1ಕ್ಕೆ ತಾನಾಗಿ ಬದಲಾಗುತ್ತದೋ ಇಲ್ಲವೋ ಎಂಬುದನ್ನೂ ಕಣ್ಣಾರೆ ನೋಡಬಹುದು.

ಈಗಾಗಲೇ ಕೊಟ್ಟ ಬಿಲ್‌ಗಳಿಗೆ ಹೊಸ ನಂಬರ್ ಹಾಕಲು ಹೋಗಬೇಡಿ. ಗಿರಾಕಿಯ ಪುಸ್ತಕದಲ್ಲಿ ಅವು ಹಳೆಯ ನಂಬರಿನಲ್ಲೇ ಕೂತಿವೆ. ರಿಟರ್ನಿನಲ್ಲಿ ‘ಎ’, ‘ಬಿ’ ತೆಗೆಯೋಣವೆಂದರೆ ದಾವಣಗೆರೆಯ 112 ಅಲ್ಲಿ ಮೊದಲೇ ಇದೆ, ಮತ್ತೆ ಡಿಕ್ಕಿ. ಹಾಗಾಗಿ ಹುಬ್ಬಳ್ಳಿ ಮತ್ತು ಚಿಕ್ಕಪೇಟೆಯ ಜಿಎಸ್‌ಟಿ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ಒಂದು ಪತ್ರ ಕೊಡಿ: ಬಿಲ್ಲಿನಲ್ಲಿರುವ ನಂಬರ್, ತಾರೀಖು, ಮೊತ್ತ, 2ಬಿಯಲ್ಲಿ ಕಾಣುವ ನಂಬರ್, ಎರಡೂ ಒಂದೇ ವ್ಯವಹಾರ ಎಂಬ ಮಾತು, ಕೆಳಗೆ ಸಹಿ ಮತ್ತು ಸೀಲು. ಪತ್ರದ ಒಕ್ಕಣೆಯನ್ನು ನಿಮ್ಮ ಆಡಿಟರ್‌ಗೆ ಒಮ್ಮೆ ತೋರಿಸಿ, ಒಂದು ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ. ಮೊದಲು ದೊಡ್ಡ ಮೊತ್ತದ ಬಿಲ್ ಇರುವ ಪಾರ್ಟಿಗಳಿಂದ ಶುರು ಮಾಡಿ, ಫೋನ್ ಬರುತ್ತಿರುವುದು ಅವರಿಂದಲೇ ಇರುತ್ತದೆ.